ಗಾಳಿಮಾತು ಮತ್ತು ಗೆಜೆಟ್ಟು
(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ)

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದ್ದರಿಂದ ಮನೆಗೆ ಬರುವ ಇಂಗ್ಲಿಷ್ ಕಾಗದಗಳೆಲ್ಲವೂ, ಅವು ಬ್ಯಾಂಕಿನವಾಗಲಿ, ವಿಮೆಯವಾಗಲಿ, ನ್ಯಾಯಾಲಯದವಾಗಲಿ, ಕೊನೆಗೆ ನನ್ನ ಕೈಗೇ ಬರುತ್ತವೆ. ನಾನು ಓದಿ ಅರ್ಥ ಹೇಳಿದರೆ ಮನೆಯವರು ಅದನ್ನೇ ಪ್ರಮಾಣವೆಂದು ನಂಬುತ್ತಾರೆ. ಈ ನಂಬಿಕೆ ಎಷ್ಟು ಭಾರವಾದುದೆಂಬುದು 2025ನೆಯ ಇಸವಿಯ ಸೆಪ್ಟೆಂಬರ್ 20ನೆಯ ದಿನಾಂಕ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ನನಗೆ ತಿಳಿಯಿತು. ಅಂದು ನಾನು ಹೇಳಿದ ಅರ್ಥ ತಪ್ಪಾಗಿತ್ತು. ಆ ತಪ್ಪು ಹೇಗಾಯಿತು, ಅದನ್ನು ತಪ್ಪಿಸಲು ಏನನ್ನು ನೋಡಬೇಕಾಗಿತ್ತು ಎಂಬುದನ್ನು ಸಹಪಾಠಿ ಮಿತ್ರರ ಮತ್ತು ಗುರುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ನಮ್ಮ ಕಾಲೇಜಿನಲ್ಲಿಯೂ ಅಣ್ಣನನ್ನೋ ಅಕ್ಕನನ್ನೋ ಪರದೇಶಕ್ಕೆ ಕಳಿಸಿದವರು, ತಾವೇ ಹೋಗಬೇಕೆಂದಿರುವವರು ಹಲವರಿರುವುದರಿಂದ ಇದು ಅವರಿಗೆ ಉಪಯೋಗವಾದೀತು.

ನನ್ನ ಭಾವ ಅಮೆರಿಕದ ಡಲ್ಲಾಸ್ ನಗರದಲ್ಲಿ ಎಂಜಿನಿಯರ್. ಎಚ್-1ಬಿ ಎಂಬ ಕೆಲಸದ ವೀಸಾದ ಮೇಲೆ ಅಲ್ಲಿ ಆರು ವರ್ಷಗಳಿಂದ ಇರುವವರು. ಹಿಂದಿನ ವರ್ಷ ಅವರ ತಂದೆ ತೀರಿಕೊಂಡಿದ್ದರು. ತಂದೆಗೆ ಮಹಾಲಯದ ಪಿಂಡ ಇಡಬೇಕೆಂದು ಅಕ್ಕನನ್ನೂ ಮಗುವನ್ನೂ ಅಲ್ಲಿಯೇ ಬಿಟ್ಟು, ಮೂರು ವಾರದ ರಜೆಯ ಮೇಲೆ ಅವರೊಬ್ಬರೇ ಊರಿಗೆ ಬಂದಿದ್ದರು. ಅಮಾವಾಸ್ಯೆ ಭಾನುವಾರ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅಕ್ಕನ ಫೋನು ಬಂತು. ಅಮೆರಿಕದ ಅಧ್ಯಕ್ಷರು ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಹಾಕಿದ್ದಾರೆ, ಅಂದರೆ ಆಗಿನ ದರದಲ್ಲಿ ಸುಮಾರು 88 ಲಕ್ಷ ರೂಪಾಯಿ. ಹೊರಗಿರುವವರು ಭಾನುವಾರದೊಳಗೆ ಒಳಗೆ ಬಾರದಿದ್ದರೆ ಹಣ ಕಟ್ಟದೆ ಬರಲಾಗುವುದಿಲ್ಲವಂತೆ ಎಂದು ಅವಳು ಅಳುತ್ತಾ ಹೇಳಿದಳು. ಅಷ್ಟರಲ್ಲಿ ಭಾವನ ಕಂಪನಿಯಿಂದಲೂ ‘ಹೊರಗಿರುವ ನೌಕರರು ಗಡುವಿಗೆ ಮೊದಲು ಹಿಂದಿರುಗುವುದು ಒಳ್ಳೆಯದು’ ಎಂಬ ಸೂಚನೆ ಬಂದಿತ್ತು. ಭಾವ ಒಂದು ಕಡೆ ಕಂಪನಿಯವರೊಡನೆ, ಇನ್ನೊಂದು ಕಡೆ ಟಿಕೆಟ್ಟಿನವರೊಡನೆ ಮಾತಿಗೆ ಕುಳಿತರು. ನನಗೆ ಹೇಳಿದ್ದು ಇಷ್ಟೇ: “ನೀನು ಆ ಆಜ್ಞೆಯನ್ನು ಹುಡುಕಿ ಓದಿ, ಅದರಲ್ಲಿ ಏನಿದೆ ಅಂತ ಹೇಳಪ್ಪ.”

ನಾನು ಹುಡುಕಿದೆ. ವಾಟ್ಸಪ್ಪಿನಲ್ಲಿ ಹತ್ತಾರು ಸಂದೇಶಗಳು ಬಂದಿದ್ದವು. ವಿಮಾನ ಹತ್ತಿ ಕುಳಿತಿದ್ದ ಜನರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಾಬರಿಯಿಂದ ಕೆಳಗಿಳಿಯುತ್ತಿದ್ದ ಚಿತ್ರವಿತ್ತು. ನಾನು ಅವುಗಳನ್ನೆಲ್ಲ ಬದಿಗಿಟ್ಟೆ. ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿ. ಗಾಳಿಮಾತನ್ನು ನಂಬಬಾರದೆಂಬ ಹೆಮ್ಮೆ ನನಗಿತ್ತು. ಅಧಿಕೃತವಾದುದನ್ನೇ ನೋಡಬೇಕೆಂದು ಹುಡುಕಿದಾಗ ಸಹಿ ಹಾಕಿದ ಸಮಾರಂಭದ ವೀಡಿಯೊ ಸಿಕ್ಕಿತು. ಅದರಲ್ಲಿ ಅಮೆರಿಕದ ವಾಣಿಜ್ಯ ಸಚಿವ ಹೋವರ್ಡ್ ಲಟ್ನಿಕ್ ಅವರು, ಅಧ್ಯಕ್ಷರ ಪಕ್ಕದಲ್ಲಿಯೇ ನಿಂತು, ಈ ಹಣವನ್ನು ವರ್ಷ ವರ್ಷವೂ ಕೊಡಬೇಕೆಂಬ ಅರ್ಥ ಬರುವಂತೆ, ವೀಸಾ ನವೀಕರಣಕ್ಕೂ ಅದು ಅನ್ವಯಿಸುವಂತೆ ಮಾತನಾಡಿದ್ದರು. ಸಚಿವರಿಗಿಂತ ಅಧಿಕೃತರು ಇನ್ನಾರು? ‘ಭಾವಾ, ಇದು ಎಲ್ಲರಿಗೂ, ವರ್ಷ ವರ್ಷವೂ, ಗಡುವು ಭಾನುವಾರ ರಾತ್ರಿ 12 ಗಂಟೆ’ ಎಂದು ನಾನು ಹೇಳಿಬಿಟ್ಟೆ.

ನನ್ನ ತಂದೆ ಜಗಲಿಯ ಮೇಲೆ ಕುಳಿತು ಇದನ್ನೆಲ್ಲ ಕೇಳುತ್ತಿದ್ದರು. ಅವರು ಸಹಿ ಹಾಕುವಷ್ಟು ಮಾತ್ರ ಅಕ್ಷರ ಬಲ್ಲವರು. ಆದರೆ ಜಮೀನಿನ ವ್ಯವಹಾರದಲ್ಲಿ ಅವರನ್ನು ಮೋಸಗೊಳಿಸುವುದು ಸುಲಭವಲ್ಲ. ಯಾರು ಏನು ಹೇಳಿದರೂ ಪಹಣಿ ತಾ, ನಕ್ಷೆ ತಾ ಎನ್ನುವವರು. ಅವರು ನನ್ನನ್ನು ಕೇಳಿದರು: “ಕಾಗದ ಬಂದದ್ದು ಯಾರ ಹೆಸರಿಗೆ? ಯಾವತ್ತಿಂದ ಅಂತ ಬರೆದವ್ರೆ? ಬರೆದವ್ರು ಯಾರು?” ನಾನು “ಅಪ್ಪಾ, ಇದು ಪಹಣಿಯಲ್ಲ, ಸುಮ್ಮನಿರು” ಎಂದೆ.

ಭಾವ 10 ಗಂಟೆಗೆ ಊರು ಬಿಟ್ಟರು. ಎರಡು ವಾರದ ಮೇಲಿನ ದಿನಕ್ಕೆ ತೆಗೆದಿದ್ದ ಟಿಕೆಟ್ಟು ದಂಡವಾಯಿತು. ಹೊಸದಕ್ಕೆ 2 ಲಕ್ಷ 40 ಸಾವಿರ ರೂಪಾಯಿ ತೆತ್ತರು. ಬೆಂಗಳೂರಿನಿಂದ ಸಂಜೆ ಏಳೂವರೆಗೆ ವಿಮಾನ. ಮಾರನೆಯ ದಿನ ಅವರ ತಂದೆಯ ಪಿಂಡವನ್ನು ಅವರ ಚಿಕ್ಕಪ್ಪನ ಮಗ ಇಟ್ಟನು.

ಇನ್ನು ಆ ಆಜ್ಞೆಯಲ್ಲಿ ಏನಿತ್ತೆಂಬುದನ್ನು ನೋಡೋಣ. ಅದಕ್ಕೆ ಮೊದಲು ಒಂದು ವಿಷಯ ತಿಳಿದಿರಬೇಕು. ನಾವು ಸಾಮಾನ್ಯವಾಗಿ ‘ವೀಸಾ’ ಎಂದು ಒಂದೇ ಮಾತಿನಲ್ಲಿ ಹೇಳುವುದು ವಾಸ್ತವವಾಗಿ ಮೂರು ಬಾಗಿಲುಗಳು. ಒಂದೊಂದು ಬಾಗಿಲಿಗೂ ಒಂದೊಂದು ಇಲಾಖೆ ಕಾವಲು. ಮೊದಲನೆಯದು ಅರ್ಜಿ. ಎಚ್-1ಬಿಯಲ್ಲಿ ಇದನ್ನು ಸಲ್ಲಿಸುವವನು ನೌಕರನಲ್ಲ, ಕೆಲಸ ಕೊಡುವ ಕಂಪನಿ. ಅದು ಹೋಗುವುದು ಯು.ಎಸ್.ಸಿ.ಐ.ಎಸ್. ಎಂಬ ವಲಸೆ ಸೇವೆಯ ಕಚೇರಿಗೆ. ಅರ್ಜಿ ಮಂಜೂರಾದ ಮೇಲೆ ಎರಡನೆಯ ಬಾಗಿಲು: ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ. ಇದನ್ನು ಕೊಡುವುದು ಅವರ ವಿದೇಶಾಂಗ ಇಲಾಖೆ. ನಮ್ಮ ಕಡೆಯವರು ಇದಕ್ಕಾಗಿಯೇ ಚೆನ್ನೈಗೋ ಹೈದರಾಬಾದಿಗೋ ಅಲ್ಲಿನ ದೂತಾವಾಸ ಕಚೇರಿಗೆ ಹೋಗಿ ಸಾಲು ನಿಲ್ಲುವುದು. ಮೂರನೆಯದು ಅಮೆರಿಕದ ವಿಮಾನ ನಿಲ್ದಾಣದಲ್ಲಿ ಪ್ರವೇಶ. ಅಲ್ಲಿ ನಿಂತಿರುವವರು ಸಿ.ಬಿ.ಪಿ. ಎಂಬ ಗಡಿ ಇಲಾಖೆಯವರು. ಯಾವುದೇ ಸುದ್ದಿ ಬಂದಾಗ ಅದು ಯಾವ ಬಾಗಿಲಿನ ಮಾತು ಎಂದು ಮೊದಲು ಕೇಳಿದರೆ ಅರ್ಧ ಗೊಂದಲ ಅಲ್ಲಿಯೇ ನಿಲ್ಲುತ್ತದೆ. ಭಾವನ ಅರ್ಜಿ ಎಂದೋ ಮಂಜೂರಾಗಿತ್ತು. ಪಾಸ್‌ಪೋರ್ಟಿನಲ್ಲಿ 2027ರವರೆಗೆ ಊರ್ಜಿತವಾದ ವೀಸಾ ಇತ್ತು. ಅವರಿಗೆ ಉಳಿದದ್ದು ಮೂರನೆಯ ಬಾಗಿಲೊಂದೇ.

ಆಜ್ಞೆ ಎಂಬುದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು ಸೆಪ್ಟೆಂಬರ್ 19ರ ಶುಕ್ರವಾರ ಸಹಿ ಮಾಡಿದ ಒಂದು ಘೋಷಣೆ. ಅದರ ಪೂರ್ಣ ಪಾಠ ಅಂದೇ whitehouse.gov ಎಂಬ ಅಧ್ಯಕ್ಷರ ಕಚೇರಿಯ ಜಾಲತಾಣದಲ್ಲಿ ಪ್ರಕಟವಾಗಿತ್ತು. ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದಾದಷ್ಟೇ ಉದ್ದ. ನಾನು ಅದನ್ನು ಓದಿದ್ದು ಮಾತ್ರ ಭಾವ ಹೊರಟುಹೋದ ಮೇಲೆ, ಮಧ್ಯಾಹ್ನ. ಓದುತ್ತಾ ಹೋದಂತೆ ನನ್ನ ಮೂರು ಮಾತುಗಳೂ ಒಂದೊಂದಾಗಿ ಕುಸಿದವು.

‘ವರ್ಷ ವರ್ಷವೂ’ ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. 12 ತಿಂಗಳು ಎಂಬ ಮಾತು ಇದ್ದುದು ನಿಜ. ಆದರೆ ಅದು ಘೋಷಣೆಯ ಆಯುಷ್ಯದ ಮಾತು. ಅಂದರೆ, ಮುಂದುವರಿಸದೆ ಹೋದರೆ ಈ ನಿರ್ಬಂಧ ಜಾರಿಗೆ ಬಂದ 12 ತಿಂಗಳ ಮೇಲೆ ತಾನಾಗಿ ಮುಗಿಯುತ್ತದೆ ಎಂದು. ಅದಕ್ಕೂ ವರ್ಷಕ್ಕೊಮ್ಮೆ ಹಣ ಕಟ್ಟುವುದಕ್ಕೂ ಅಜಗಜಾಂತರ.

‘ಭಾನುವಾರ ರಾತ್ರಿ 12 ಗಂಟೆ’ ಎಂದದ್ದು ನನ್ನ ಎರಡನೆಯ ತಪ್ಪು. ಇದಕ್ಕೆ ಯಾವ ವದಂತಿಯೂ ಹೊಣೆಯಲ್ಲ. ಘೋಷಣೆಯಲ್ಲಿದ್ದುದು ಸೆಪ್ಟೆಂಬರ್ 21, ಅಮೆರಿಕದ ಪೂರ್ವ ಭಾಗದ ಸಮಯ, ನಡುರಾತ್ರಿ 12 ಗಂಟೆ 1 ನಿಮಿಷ. ನಮ್ಮ ಮನೆಗಳಲ್ಲಿ ದಿನ ಹುಟ್ಟುವುದು ಸೂರ್ಯೋದಯಕ್ಕೆ. ಭಾನುವಾರ ರಾತ್ರಿ ಎಂದರೆ ಭಾನುವಾರದ ಹಗಲು ಕಳೆದ ಮೇಲಿನ ರಾತ್ರಿ. ಗಡಿಯಾರದ ಲೆಕ್ಕದಲ್ಲಿ ಭಾನುವಾರದ 12 ಗಂಟೆ 1 ನಿಮಿಷವೆಂದರೆ ಭಾನುವಾರದ ಮೊದಲನೆಯ ನಿಮಿಷ, ನಾವು ಶನಿವಾರ ರಾತ್ರಿ ಎನ್ನುವ ಹೊತ್ತು. ಆ ತಿಂಗಳಲ್ಲಿ ಅವರ ಪೂರ್ವ ಭಾಗದ ಗಡಿಯಾರಕ್ಕಿಂತ ನಮ್ಮದು ಒಂಬತ್ತೂವರೆ ಗಂಟೆ ಮುಂದೆ. ಆದ್ದರಿಂದ ನಿಜವಾದ ಗಡುವು ನಮ್ಮ ಭಾನುವಾರ ಬೆಳಿಗ್ಗೆ 9 ಗಂಟೆ 31 ನಿಮಿಷ. ಏಳೂವರೆಯ ವಿಮಾನ ಹತ್ತಿದಾಗ ಭಾವನಿಗೆ ಉಳಿದಿದ್ದುದು 14 ಗಂಟೆ. ದಾರಿ ಇದ್ದುದು 20 ಗಂಟೆಗೂ ಮೇಲೆ. ನಾನು ಒಂದು ಇಡೀ ದಿನವನ್ನು ಹೆಚ್ಚಾಗಿ ಲೆಕ್ಕ ಹಾಕಿದ್ದೆ. ಅಂದರೆ ಗಡುವಿನೊಳಗೆ ತಲಪುವುದಕ್ಕಾಗಿ ಅವರು ಹೊರಟದ್ದು ಹೊರಡುವಾಗಲೇ ವ್ಯರ್ಥವಾಗಿತ್ತು.

‘ಎಲ್ಲರಿಗೂ’ ಎಂದದ್ದು ಮೂರನೆಯ ಮಾತು. ಇದರಲ್ಲಿ ಮಾತ್ರ ನಾನು ನನ್ನನ್ನು ಪೂರ್ತಿಯಾಗಿ ಜರೆದುಕೊಳ್ಳಲಾರೆ. ಘೋಷಣೆಯ ಮೊದಲನೆಯ ಭಾಗ ಅಮೆರಿಕದೊಳಗೆ ‘ಪ್ರವೇಶ’ವನ್ನು ನಿರ್ಬಂಧಿಸುತ್ತದೆ; 1 ಲಕ್ಷ ಡಾಲರ್ ಸಂದಾಯದೊಡನೆ ಬಂದ ‘ಅರ್ಜಿ’ಯವರಿಗೆ ವಿನಾಯಿತಿ. ಮುಂದಿನ ಒಂದು ಭಾಗ ಅರ್ಜಿಗಳನ್ನು ಇತ್ಯರ್ಥಮಾಡುವ ಕಚೇರಿಗೆ ಆದೇಶ ಕೊಡುತ್ತದೆ. ಎಂದೋ ಮಂಜೂರಾದ ಹಳೆಯ ಅರ್ಜಿಯ ಮೇಲೆ ಊರಿಗೆ ಬಂದು ಹಿಂದಿರುಗುವವನ ಗತಿ ಏನೆಂದು ಅದು ಬಿಡಿಸಿ ಹೇಳಿರಲಿಲ್ಲ. ಮೊದಲನೆಯ ಭಾಗವನ್ನು ಅಕ್ಷರಶಃ ಓದಿದರೆ ಅವನಿಗೂ ತಗಲುತ್ತದೆ ಎನ್ನಬಹುದು. ಒಟ್ಟು ಓದಿದರೆ ಹೊಸ ಅರ್ಜಿಗಳಿಗೆ ಮಾತ್ರ ಎನ್ನಬಹುದು. ದೊಡ್ಡ ದೊಡ್ಡ ಕಂಪನಿಗಳ ವಕೀಲರೇ ಅಂದು ಮೊದಲನೆಯ ಅರ್ಥಕ್ಕೆ ಹೆದರಿ ನೌಕರರನ್ನು ಹಿಂದಕ್ಕೆ ಕರೆಸಿದರು. ಆದ್ದರಿಂದ ಶನಿವಾರ ಬೆಳಿಗ್ಗೆ ನಾನು ಘೋಷಣೆಯನ್ನು ಓದಿದ್ದರೂ ಭಾವನಿಗೆ ‘ನಿಮಗಿಲ್ಲ’ ಎಂದು ಹೇಳಲು ಆಗುತ್ತಿರಲಿಲ್ಲ. ಹೇಳಬಹುದಾಗಿದ್ದುದು ಇಷ್ಟು: ‘ವರ್ಷ ವರ್ಷ ಎಂಬುದು ಕಾಗದದಲ್ಲಿಲ್ಲ, ಗಡುವಿನೊಳಗೆ ತಲಪುವುದು ಸಾಧ್ಯವಿಲ್ಲ, ಹಳೆಯ ಅರ್ಜಿಯವರ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಜಾರಿ ಮಾಡುವ ಇಲಾಖೆ ಇನ್ನೂ ಬಾಯಿ ಬಿಟ್ಟಿಲ್ಲ.’ ಇಷ್ಟು ಹೇಳಿದ್ದರೆ ಹೊರಡುವುದೋ ಉಳಿಯುವುದೋ ಎಂಬುದನ್ನು ಅವರು ಕಣ್ಣು ತೆರೆದು ನಿಶ್ಚಯಿಸುತ್ತಿದ್ದರು. ತಲಪಲಾಗದ ಗಡುವಿಗಾಗಿ ಓಡುವುದಕ್ಕಿಂತ ಒಂದು ದಿನ ತಡೆದು, ಪಿಂಡ ಇಟ್ಟು ಹೊರಡೋಣ ಎಂದುಕೊಳ್ಳುತ್ತಿದ್ದರೋ ಏನೋ.

ಇಲಾಖೆ ಬಾಯಿ ಬಿಟ್ಟದ್ದು ಅದೇ ಸೆಪ್ಟೆಂಬರ್ 20ರಂದು. ನಮ್ಮಲ್ಲಿ ಭಾನುವಾರ ಬೆಳಗಾಗುವುದಕ್ಕೆ ಮೊದಲೇ ಸುದ್ದಿ ಬಂದಿತ್ತು. ಯು.ಎಸ್.ಸಿ.ಐ.ಎಸ್. ನಿರ್ದೇಶಕ ಜೋಸೆಫ್ ಎಡ್ಲೋ ತಮ್ಮ ಕಚೇರಿಗೆ ಒಂದು ಜ್ಞಾಪನಪತ್ರ ಕಳಿಸಿದರು. ಘೋಷಣೆ ಇನ್ನು ಮುಂದೆ ಸಲ್ಲಿಸುವ ಅರ್ಜಿಗಳಿಗೆ ಮಾತ್ರ ಅನ್ವಯ. ಜಾರಿಯ ದಿನಕ್ಕೆ ಮೊದಲೇ ಸಲ್ಲಿಸಿದವಕ್ಕೂ, ಮಂಜೂರಾದವಕ್ಕೂ, ಊರ್ಜಿತವಾದ ವೀಸಾ ಇರುವವರಿಗೂ ಅನ್ವಯವಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಗಡಿ ಇಲಾಖೆಯೂ ಅದೇ ಅರ್ಥದ ಪತ್ರ ಹೊರಡಿಸಿತು. ಅಧ್ಯಕ್ಷರ ಕಚೇರಿಯ ವಕ್ತಾರೆ ಕ್ಯಾರೊಲಿನ್ ಲೆವಿಟ್ ಅವರು ಇದು ವಾರ್ಷಿಕ ಶುಲ್ಕವಲ್ಲ, ಅರ್ಜಿಗೆ ಒಂದೇ ಸಲ ಕಟ್ಟುವಂಥದು, ಈಗಾಗಲೇ ವೀಸಾ ಇದ್ದು ಹೊರಗಿರುವವರು ಮರಳಿ ಬರಲು ಕಟ್ಟಬೇಕಾಗಿಲ್ಲ ಎಂದು ತಿಳಿಸಿದರು. ಭಾವ ಇದನ್ನು ಓದಿದ್ದು ಕೊಲ್ಲಿಯ ಒಂದು ವಿಮಾನ ನಿಲ್ದಾಣದಲ್ಲಿ, ಎರಡನೆಯ ವಿಮಾನಕ್ಕಾಗಿ ಕಾಯುತ್ತಾ ಕುಳಿತಿದ್ದಾಗ. ಅಲ್ಲಿಂದ ಹಿಂದಿರುಗುವುದಕ್ಕೂ ಹಣ ಬೇಕು, ಮುಂದೆ ಹೋಗುವುದಕ್ಕೂ ಹಣ ಕೊಟ್ಟಾಗಿದೆ. ಮುಂದೆಯೇ ಹೋದರು. ಗಡುವು ಕಳೆದು ಎಷ್ಟೋ ಗಂಟೆಗಳ ಮೇಲೆ ಡಲ್ಲಾಸಿನಲ್ಲಿ ಇಳಿದಾಗ ಅಧಿಕಾರಿ ಎಲ್ಲಿ ಕೆಲಸ ಎಂದು ಕೇಳಿ ಮುದ್ರೆ ಒತ್ತಿ ಕಳಿಸಿದರಂತೆ. ಶುಲ್ಕದ ಮಾತೇ ಬರಲಿಲ್ಲ.

ಇಲ್ಲಿ ಎರಡು ಸೂಕ್ಷ್ಮಗಳಿವೆ. ವಕ್ತಾರೆಯವರ ಆ ವಿವರಣೆ ಬಂದದ್ದು ‘ಎಕ್ಸ್’ ಎಂಬ ಸಾಮಾಜಿಕ ಜಾಲತಾಣದ ಮೇಲೆ! ತಪ್ಪು ಅರ್ಥ ಬಂದದ್ದು ಸಚಿವರ ಬಾಯಿಂದ, ಸರಿಯಾದ ಅರ್ಥ ಬಂದದ್ದು ಸಾಮಾಜಿಕ ಜಾಲದಿಂದ. ಆದ್ದರಿಂದ ಜಾಲದಲ್ಲಿ ಬಂದದ್ದೆಲ್ಲ ಗಾಳಿಮಾತು, ಅಧಿಕಾರಿ ಆಡಿದ್ದೆಲ್ಲ ನಿಯಮ ಎಂಬ ಸುಲಭದ ಗೆರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಾತು ಬಂದ ದಾರಿ ಯಾವುದೆಂಬುದಕ್ಕಿಂತ, ಅದರ ಹಿಂದೆ ಕಾಗದ ಇದೆಯೇ, ಆ ಕಾಗದವನ್ನು ಬರೆದವರು ಆ ಬಾಗಿಲನ್ನು ಕಾಯುವವರೇ ಎಂಬುದೇ ಮುಖ್ಯ. ವಾಣಿಜ್ಯ ಸಚಿವರು ಎಷ್ಟೇ ದೊಡ್ಡವರಾದರೂ ಮೂರು ಬಾಗಿಲುಗಳಲ್ಲಿ ಒಂದೂ ಅವರ ಕಾವಲಿನಲ್ಲಿಲ್ಲ. ತಹಸೀಲ್ದಾರರು ಬರೆಯಬೇಕಾದ ವಿಷಯವನ್ನು ಸಭೆಯಲ್ಲಿ ಬೇರೆ ಇಲಾಖೆಯ ದೊಡ್ಡವರು ಹೇಳಿದರೆ ಖಾತೆ ಬದಲಾಗುತ್ತದೆಯೇ?

ಎರಡನೆಯ ಸೂಕ್ಷ್ಮ ಇನ್ನೂ ಮುಖ್ಯವಾದುದು. ಅಂದು ನನ್ನ ಫೋನಿಗೆ ಬಂದ ಸಂದೇಶಗಳನ್ನು ಆಮೇಲೆ ಕುಳಿತು ಒಂದೊಂದಾಗಿ ಘೋಷಣೆಯೊಡನೆ ಹೋಲಿಸಿ ನೋಡಿದೆ. ಶುದ್ಧ ಸುಳ್ಳು ಅವುಗಳಲ್ಲಿ ಒಂದೂ ಇರಲಿಲ್ಲ. 1 ಲಕ್ಷ ಡಾಲರ್ ನಿಜ, ಎಚ್-1ಬಿ ನಿಜ, ಭಾನುವಾರ ನಿಜ. ಇಲ್ಲದಿದ್ದುದು ಎರಡೇ: ‘ಯಾರಿಗೆ’ ಮತ್ತು ‘ಯಾವಾಗಿನಿಂದ ಸಲ್ಲಿಸಿದ ಅರ್ಜಿಗೆ’. ಸುದ್ದಿ ಕೈಯಿಂದ ಕೈಗೆ ಹೋಗುವಾಗ ಮೊತ್ತ ಸವೆಯುವುದಿಲ್ಲ, ಏಕೆಂದರೆ ಅದು ದೊಡ್ಡದು, ನೆನಪಿನಲ್ಲಿ ಉಳಿಯುತ್ತದೆ. ಸವೆಯುವುದು ಷರತ್ತು. ಷರತ್ತು ಸವೆದುಹೋದ ನಿಜವೇ ಅಪಾಯಕರವಾದ ವದಂತಿ. ಅದರೊಳಗಿನ ಮೊತ್ತವನ್ನು ನೀವು ಎಲ್ಲಿ ಪರೀಕ್ಷಿಸಿದರೂ ಸರಿಯಾಗಿಯೇ ಸಿಗುತ್ತದೆ. ಅದನ್ನು ಕಂಡು ಉಳಿದುದನ್ನೂ ನಂಬಿಬಿಡುತ್ತೇವೆ. ಸ್ಕ್ರೀನ್‌ಶಾಟ್ ಎಂಬುದು ಇದಕ್ಕೆ ಹೇಳಿ ಮಾಡಿಸಿದ ಸಾಧನ: ಅದು ಹಾಳೆಯ ನಡುಭಾಗವನ್ನು ತೋರಿಸುತ್ತದೆ, ಮೇಲಿನ ತಾರೀಕನ್ನೂ ಕೆಳಗಿನ ವಿನಾಯಿತಿಯನ್ನೂ ಕತ್ತರಿಸುತ್ತದೆ. ಆದ್ದರಿಂದ ಸ್ಕ್ರೀನ್‌ಶಾಟ್ ಬಂದರೆ ಅದರಲ್ಲಿನ ಒಂದು ವಾಕ್ಯವನ್ನು ಹಿಡಿದು, ಮೂಲದ ಹಾಳೆಯನ್ನು ತೆರೆದು, ಮೊದಲಿನಿಂದ ಕೊನೆಯವರೆಗೆ ಓದದೆ ಯಾರಿಗೂ ಅರ್ಥ ಹೇಳಬಾರದು.

‘ಶುಲ್ಕ ನಾಳೆಯಿಂದಲೇ ಏರುತ್ತದೆ’ ಎಂಬ ಸುದ್ದಿ ಬಂದಾಗ ನೋಡಬೇಕಾದ ಇನ್ನೊಂದು ಗುರುತು ಇದೆ. ಅಮೆರಿಕದಲ್ಲಿ ಸಾಮಾನ್ಯ ಶುಲ್ಕಗಳು ಹೀಗೆ ರಾತ್ರೋರಾತ್ರಿ ಬದಲಾಗುವುದಿಲ್ಲ. ನಮ್ಮ ಗೆಜೆಟ್ಟಿನಂತೆ ಅಲ್ಲಿ ‘ಫೆಡರಲ್ ರಿಜಿಸ್ಟರ್’ ಎಂಬ ಸರ್ಕಾರಿ ಪತ್ರಿಕೆ ಇದೆ, federalregister.gov ಎಂಬಲ್ಲಿ ಯಾರು ಬೇಕಾದರೂ ಓದಬಹುದು. ಶುಲ್ಕ ಬದಲಿಸುವ ಇಲಾಖೆ ಮೊದಲು ಅದರಲ್ಲಿ ಕರಡು ನಿಯಮ ಪ್ರಕಟಿಸಿ, ಜನರ ಅಭಿಪ್ರಾಯ ಕೇಳಿ, ಆಮೇಲೆ ಅಂತಿಮ ನಿಯಮ ಪ್ರಕಟಿಸಿ, ಜಾರಿಯ ದಿನವನ್ನು ಮುಂದಕ್ಕೆ ಇಡುತ್ತದೆ. ಯು.ಎಸ್.ಸಿ.ಐ.ಎಸ್. ತನ್ನ ಶುಲ್ಕಗಳನ್ನು ಏರಿಸಿದಾಗ ಕರಡು ಬಂದದ್ದು 2023ರ ಜನವರಿ 4ರಂದು, ಅಂತಿಮ ನಿಯಮ 2024ರ ಜನವರಿ 31ರಂದು, ಜಾರಿಯಾದದ್ದು 2024ರ ಏಪ್ರಿಲ್ 1ರಂದು. ಎಚ್-1ಬಿ ಚೀಟಿ ಎತ್ತುವ ನೋಂದಣಿಯ ಶುಲ್ಕ 10 ಡಾಲರಿನಿಂದ 215 ಡಾಲರಿಗೆ ಏರಿದ್ದೂ ಆ ನಿಯಮದಿಂದಲೇ. ಆದರೆ ಅದು ತಗಲಿದ್ದು 2025ರ ಮಾರ್ಚಿಯ ನೋಂದಣಿಗೆ. ‘ಇದ್ದಕ್ಕಿದ್ದಂತೆ’ ಎಂದು ಜನ ಬೊಬ್ಬೆಯಿಟ್ಟ ಏರಿಕೆ ವರ್ಷಕ್ಕೂ ಮೇಲ್ಪಟ್ಟು ಮುದ್ರಿತ ಹಾಳೆಯಲ್ಲಿ ಕುಳಿತಿತ್ತು. ಅಧ್ಯಕ್ಷರ ಘೋಷಣೆ ಮಾತ್ರ ಬೇರೆ ಜಾತಿ. ವಿದೇಶೀಯರ ಪ್ರವೇಶವನ್ನು ತಡೆಯಲು ಅವರ ವಲಸೆ ಕಾಯಿದೆ ಅಧ್ಯಕ್ಷರಿಗೇ ಕೊಟ್ಟಿರುವ ಅಧಿಕಾರದಿಂದ ಅದು ಹೊರಡುತ್ತದೆ. ಕರಡೂ ಇಲ್ಲ, ಕಾಯುವಿಕೆಯೂ ಇಲ್ಲ. ಆದ್ದರಿಂದ ಸುದ್ದಿ ಬಂದ ಕೂಡಲೇ ‘ಇದು ನಿಯಮವೋ, ಘೋಷಣೆಯೋ, ಇಲ್ಲವೆ ಕಾಯಿದೆಯೋ?’ ಎಂದು ಕೇಳಬೇಕು. ಕಾಯಿದೆಯಾದರೆ ಮತ್ತೊಂದು ಎಚ್ಚರ ಬೇಕು. 2025ರ ಜುಲೈ 4ರಂದು ಸಹಿಯಾದ ಒಂದು ದೊಡ್ಡ ಕಾಯಿದೆಯಲ್ಲಿ 250 ಡಾಲರಿನ ಹೊಸ ವೀಸಾ ಶುಲ್ಕವೊಂದು ಸೇರಿತ್ತು. ಆದರೆ ಕಾಯಿದೆಯಾದ ಮಾತ್ರಕ್ಕೆ ವಸೂಲಿ ಆರಂಭವಾಗಲಿಲ್ಲ, ಏಕೆಂದರೆ ಇಲಾಖೆ ಅದಕ್ಕೆ ವಿಧಾನ ಗೊತ್ತುಮಾಡಬೇಕಾಗಿತ್ತು. ಕಾನೂನು ಹುಟ್ಟಿದ ದಿನ ಬೇರೆ, ಹಣ ಕೇಳುವ ದಿನ ಬೇರೆ.

ಮೂಲದ ಹಾಳೆ ಎಂದೆನಲ್ಲ, ಅದು ನಿಜವಾಗಿ ಮೂಲದ್ದೇ ಎಂದು ತಿಳಿಯುವುದು ಹೇಗೆ? ಜಾಲತಾಣದ ವಿಳಾಸವನ್ನು ನಾವು ಎಡದಿಂದ ಓದುತ್ತೇವೆ. ಆದರೆ ಅದರ ಒಡೆಯನ ಹೆಸರು ಇರುವುದು ಬಲಗಡೆ. ವಿಳಾಸದಲ್ಲಿ ಆರಂಭದ https:// ಎಂಬುದನ್ನು ಬಿಟ್ಟು ಮೊದಲನೆಯ ಓರೆಗೆರೆ ಎಲ್ಲಿ ಬರುತ್ತದೋ ಅಲ್ಲಿ ನಿಂತು ಹಿಂದಕ್ಕೆ ಓದಬೇಕು. travel.state.gov ಎಂಬುದರಲ್ಲಿ ಹಿಂದಿನಿಂದ ಓದಿದರೆ gov, ಆಮೇಲೆ state. ಇದು ಅವರ ವಿದೇಶಾಂಗ ಇಲಾಖೆಯದೇ. ಹಾಗೆಯೇ ಅರ್ಜಿಯ ವಿಷಯಕ್ಕೆ uscis.gov, ಗಡಿಯ ವಿಷಯಕ್ಕೆ cbp.gov. ವಿಳಾಸದ ನಡುವೆ ಎಲ್ಲೋ gov ಎಂಬ ಅಕ್ಷರಗಳು ಬಂದು, ಕೊನೆಯಲ್ಲಿ com ಎಂದೋ org ಎಂದೋ ಇದ್ದರೆ ಅದು ಸರ್ಕಾರದ ಹೆಸರಿನ ಅಂಗಿ ತೊಟ್ಟ ಬೇರೆ ಯಾರೋ. ಇದಕ್ಕೂ ಒಂದು ಅಪವಾದ ಉಂಟು. ಭಾರತದಲ್ಲಿ ಅಮೆರಿಕದ ವೀಸಾ ಸಂದರ್ಶನದ ದಿನ ಗೊತ್ತುಮಾಡಿಕೊಳ್ಳಲು 2023ರಿಂದ ಬಳಕೆಗೆ ಬಂದ usvisascheduling.com ಎಂಬುದು gov ಎಂದು ಮುಗಿಯುವುದಿಲ್ಲ, ಆದರೂ ಅಧಿಕೃತವೇ. ಅಂಥದನ್ನು ನಂಬಬೇಕಾದರೆ ಹುಡುಕಾಟದಲ್ಲಿ ಮೊದಲು ಕಂಡದ್ದನ್ನು ಒತ್ತದೆ, in.usembassy.gov ಎಂಬ ರಾಯಭಾರ ಕಚೇರಿಯ ಹಾಳೆಗೆ ಹೋಗಿ, ಅದರೊಳಗಿನ ಬಾಗಿಲಿನಿಂದಲೇ ಅಲ್ಲಿಗೆ ದಾಟಬೇಕು. ಪರಿಚಿತರು ಕೈಹಿಡಿದು ಕರೆದೊಯ್ದ ಮನೆಯಂತೆ ಅದು.

ಸರಿಯಾದ ಹಾಳೆ ಸಿಕ್ಕಿದ ಮೇಲೂ ಅದರ ತಾರೀಕನ್ನು ನೋಡಬೇಕು, ಏಕೆಂದರೆ ಅಧಿಕೃತ ಉತ್ತರವೂ ಬೆಳೆಯುತ್ತದೆ. ಈ ಘೋಷಣೆಯ ವಿಷಯದಲ್ಲಿಯೇ ಸೆಪ್ಟೆಂಬರ್ 20ರ ಜ್ಞಾಪನಪತ್ರ ಒಂದು ಹಂತ. ಅಕ್ಟೋಬರ್ 20ರಂದು ಯು.ಎಸ್.ಸಿ.ಐ.ಎಸ್. ಹೊರಡಿಸಿದ ವಿವರಣೆ ಇನ್ನೊಂದು ಹಂತ. ಅಮೆರಿಕದೊಳಗೇ ಓದುತ್ತಿರುವ ವಿದ್ಯಾರ್ಥಿಗಾಗಿ ಕಂಪನಿ ಅರ್ಜಿ ಹಾಕಿ, ಅವನು ಅಲ್ಲಿದ್ದುಕೊಂಡೇ ಎಚ್-1ಬಿಗೆ ಬದಲಾಯಿಸಿಕೊಳ್ಳುವುದು ಮಂಜೂರಾದರೆ ಶುಲ್ಕ ತಗಲದು. ಊರ್ಜಿತವಾದ ಎಚ್-1ಬಿ ವೀಸಾ ಇಲ್ಲದೆ ಹೊರಗಿರುವವನಿಗಾಗಿ ಸೆಪ್ಟೆಂಬರ್ 21ರಿಂದ ಈಚೆಗೆ ಹಾಕುವ ಹೊಸ ಅರ್ಜಿಗೆ ತಗಲುತ್ತದೆ ಎಂದು ಆ ಎರಡನೆಯದರಿಂದ ಸ್ಪಷ್ಟವಾಯಿತು. ಮೊದಲನೆಯದನ್ನು ಮಾತ್ರ ಓದಿದ್ದವರಿಗೆ ಈ ಭೇದ ತಿಳಿಯುತ್ತಿರಲಿಲ್ಲ. ನ್ಯಾಯಾಲಯಗಳಲ್ಲಿ ದಾವೆಗಳೂ ಹೂಡಲ್ಪಟ್ಟವು. ಆದ್ದರಿಂದ ನಾನು ಇಲ್ಲಿ ಬರೆದಿರುವುದನ್ನು ಕೂಡ ಯಾರೂ ಇಂದಿನ ನಿಯಮವೆಂದು ಹಿಡಿಯದೆ, ಆಯಾ ದಿನಾಂಕದ ಸಂಗತಿಯೆಂದೇ ತಿಳಿದು, ತಾವು ಹೊರಡುವ ದಿನ ಮೂಲದ ಹಾಳೆಯನ್ನು ತೆರೆದು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಹೇಗೆ ಪ್ರಮಾಣಿಸುವುದೆಂಬುದನ್ನು ಅಂದು ಬೆಳಿಗ್ಗೆ ಜಗಲಿಯ ಮೇಲೆ ಕುಳಿತಿದ್ದ ನನ್ನ ತಂದೆ ಮೂರು ಮಾತಿನಲ್ಲಿ ಹೇಳಿದ್ದರು: ಯಾರ ಹೆಸರಿಗೆ, ಯಾವತ್ತಿನಿಂದ, ಬರೆದವರು ಯಾರು. ಮೊದಲನೆಯದನ್ನು ಹುಡುಕಿದ್ದರೆ ‘ಎಲ್ಲರಿಗೂ’ ಎಂಬ ಮಾತು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಎರಡನೆಯದನ್ನು ಹುಡುಕಿದ್ದರೆ ಗಡಿಯಾರದ ತಪ್ಪು ಆಗುತ್ತಿರಲಿಲ್ಲ. ಮೂರನೆಯದನ್ನು ಹುಡುಕಿದ್ದರೆ ಸಚಿವರ ಮಾತನ್ನು ಘೋಷಣೆಯೆಂದು ತಿಳಿಯುತ್ತಿರಲಿಲ್ಲ. ಮೂರು ವರ್ಷ ರಾಜ್ಯಶಾಸ್ತ್ರ ಓದಿದ ನನಗೆ ಹೊಳೆಯದ ಪ್ರಶ್ನೆಗಳು ಪಹಣಿಯೊಡನೆ ಬದುಕಿದ ಅವರಿಗೆ ತಾವಾಗಿ ಬಂದಿದ್ದವು.

ಭಾವ ನನ್ನನ್ನು ಒಂದು ಮಾತೂ ಆಡಲಿಲ್ಲ. ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ನಾನು ಅವರ ಊರಿಗೆ ಹೋಗಿದ್ದಾಗ ಅವರ ತಾಯಿ ಎಡೆಯ ತಟ್ಟೆಯನ್ನು ಒರೆಸಿ ಎತ್ತಿಡುತ್ತಿದ್ದರು. “ಬರೋ ವರ್ಷ ಅವನು ಬಂದಾಗ ಏನಾದ್ರೂ ಕಾಗದ ಬಂದ್ರೆ ಪೂರ್ತಿ ಓದಪ್ಪ” ಎಂದರು. ಓದುತ್ತೇನೆ ಅತ್ತೆ ಎಂದೆ.